1317ನೇ ಬಿಲ್ ಎಲ್ಲಿ ಹೋಯಿತು? – ಬಿಲ್ ಬುಕ್ ಬಿಟ್ಟು ಕಂಪ್ಯೂಟರ್ ಬಿಲ್ಲಿಗೆ ಹೋಗುವ ಮುನ್ನ



ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿ ಕಡೆ ಅಂಗಡಿ ಇಟ್ಟಿರುವ ನಮ್ಮ ಸದಸ್ಯರಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಕಾರ್ಬನ್ ಹಾಕಿ ಬರೆಯುವ ಬಿಲ್ ಬುಕ್ ಸಾಕು, ಕಂಪ್ಯೂಟರ್ ಬಿಲ್ಲಿಗೆ ಹೋಗೋಣ ಅಂತಿದ್ದೀವಿ. ಯಾವ ಸಾಫ್ಟ್‌ವೇರ್ ತಗೊಳ್ಳೋದು?" ಸಾಫ್ಟ್‌ವೇರ್ ಯಾವುದು ಎಂಬುದು ಆಮೇಲಿನ ಮಾತು. ಅದಕ್ಕೂ ಮೊದಲು, ಬಿಲ್ ಬುಕ್ ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕು. ಕ್ರಮಸಂಖ್ಯೆ ಕಾಯುವುದೇ ಆ ಕೆಲಸ. ಅದು ಗೊತ್ತಿಲ್ಲದೆ ಕಂಪ್ಯೂಟರ್ ತಂದರೆ ಹಳೆಯ ತೊಂದರೆ ಹೋಗಿ ಕಣ್ಣಿಗೆ ಕಾಣದ ಹೊಸ ತೊಂದರೆ ಬರುತ್ತದೆ. ನಮ್ಮ ಸದಸ್ಯರೊಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ನಡೆದವು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಬರೆಯುತ್ತಿದ್ದೇವೆ.

ಖಾಲಿ ಹಾಳೆ ಮತ್ತು ಒಬ್ಬ ಹುಡುಗನ ಮೇಲೆ ಬಂದ ಅನುಮಾನ

ಆ ಅಂಗಡಿಯಲ್ಲಿ ಎರಡು ಬಿಲ್ ಬುಕ್ ಓಡುತ್ತಿದ್ದವು. ಕೌಂಟರಿನಲ್ಲಿ ಒಂದು, ಹಿಂದಿನ ಗೋಡೌನಿನಲ್ಲಿ ಒಂದು. ಕೌಂಟರಿನ ಬುಕ್ಕಿಗೆ A, ಗೋಡೌನಿನ ಬುಕ್ಕಿಗೆ B ಎಂದು ಗುರುತು. ತಿಂಗಳ ಕೊನೆಯಲ್ಲಿ ಜಿಎಸ್‌ಟಿ ರಿಟರ್ನ್ ತಯಾರು ಮಾಡಲು ಬುಕ್ಕುಗಳನ್ನು ಎಣಿಸುವಾಗ A ಬುಕ್ಕಿನ 1317ನೇ ನಕಲು ಪ್ರತಿ ಖಾಲಿಯಾಗಿತ್ತು. ಸಂಖ್ಯೆ ಅಚ್ಚಾಗಿದೆ, ಅಸಲು ಪ್ರತಿ ಹರಿದು ಹೋಗಿದೆ, ನಕಲಿನಲ್ಲಿ ಒಂದು ಅಕ್ಷರವೂ ಇಲ್ಲ.

ಅಂಗಡಿ ಯಜಮಾನರಿಗೆ ಮೊದಲು ಬಂದದ್ದು ಕೆಟ್ಟ ಯೋಚನೆಯೇ. ಏಕೆಂದರೆ ಕಾರ್ಬನ್ ಬಿಲ್ಲಿನಲ್ಲಿ ಹಣ ಹೊಡೆಯುವ ಹಳೆಯ ದಾರಿ ಇದೇ: ಕಾರ್ಬನ್ ತೆಗೆದು ಅಸಲು ಪ್ರತಿ ಮಾತ್ರ ಬರೆದು ಗಿರಾಕಿಗೆ ಕೊಡುವುದು, ಹಣ ಜೇಬಿಗೆ ಹಾಕಿಕೊಳ್ಳುವುದು, ಆಮೇಲೆ ನಕಲಿನ ಮೇಲೆ ಏನೋ ಚಿಕ್ಕ ಮೊತ್ತ ಬರೆದು ಮುಗಿಸುವುದು. ಕೌಂಟರಿನಲ್ಲಿ ಆ ದಿನ ಇದ್ದ ಹುಡುಗ ನಾಲ್ಕು ವರ್ಷದಿಂದ ಅಲ್ಲೇ ಕೆಲಸ ಮಾಡುವವನು. ಯಜಮಾನರು ಕೇಳಿದರು, "ಏನಪ್ಪಾ ಇದು, ದುಡ್ಡು ಎಲ್ಲಿ?" ಅವನು, "ಅಣ್ಣಾ, ನನಗೆ ನೆನಪಿಲ್ಲ, ನಾನು ಮಾತ್ರ ಹಂಗೆ ಮಾಡೋನಲ್ಲ" ಎಂದು ಹೇಳಿ ಮನೆಗೆ ಹೋದವನು ನಾಲ್ಕು ದಿನ ಬರಲಿಲ್ಲ.

ನಮ್ಮಲ್ಲಿ ಲೆಕ್ಕ ಬರೆಯುವ ಇಬ್ಬರು ಆ ಬುಕ್ಕನ್ನು ತರಿಸಿ ನೋಡಿದೆವು. ಖಾಲಿ ನಕಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅದರಲ್ಲಿ ಪೆನ್ನಿನ ಒತ್ತು ಕಾಣಿಸಿತು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಬಣ್ಣ ಹತ್ತದಿದ್ದರೂ ಕೆಳಗಿನ ಕಾಗದ ತಗ್ಗುತ್ತದೆ. ಸೀಸದ ಕಡ್ಡಿಯನ್ನು ಮಲಗಿಸಿ ಅದರ ಮೇಲೆ ಹಗುರವಾಗಿ ಸವರಿದಾಗ ತಗ್ಗಿದ ಗೆರೆಗಳು ಬೆಳ್ಳಗೆ ಎದ್ದು ಬಂದವು: ಬಾಲ್ ವಾಲ್ವ್, ಪೈಪು, ಕೊನೆಯಲ್ಲಿ ಮೊತ್ತ 1,840.

ಇದರ ಅರ್ಥ ಸರಳ. ಬರೆಯುವಾಗ ಅಸಲು ಹಾಳೆ ನಕಲಿನ ಮೇಲೆಯೇ ಇತ್ತು, ನಡುವೆ ಕಾರ್ಬನ್ ಕೂಡ ಇತ್ತು, ಆದರೆ ತಲೆಕೆಳಗಾಗಿ. ಕಾರ್ಬನ್ನಿನ ಮಸಿ ಇರುವ ಮುಖ ಕೆಳಗಿನ ಹಾಳೆಯನ್ನು ನೋಡಬೇಕು. ತಿರುಗಿಸಿ ಇಟ್ಟರೆ ಬರಹ ಅಸಲಿನ ಬೆನ್ನಿಗೆ ಕನ್ನಡಿಯಲ್ಲಿ ಕಂಡಂತೆ ಹತ್ತುತ್ತದೆ, ನಕಲು ಖಾಲಿ ಉಳಿಯುತ್ತದೆ. ಕೈಗೆ ಸಿಕ್ಕ ಗಡಿಬಿಡಿಯಲ್ಲಿ ಇದು ಯಾರಿಂದಲೂ ಆಗುವ ತಪ್ಪು. ಕಾರ್ಬನ್ ಇಲ್ಲದೆ ಬರೆದಿದ್ದರೂ ಇಂಥದೇ ಒತ್ತು ಬೀಳುತ್ತದೆ. ಹಾಗಾಗಿ ಒತ್ತು ಒಂದೇ ಹುಡುಗನನ್ನು ಬಿಡಿಸಲಾರದು. ಹಣ ಬಂತೇ ಎಂದು ನೋಡಬೇಕಿತ್ತು.

ಆ ದಿನದ ಲೆಕ್ಕ ಹೀಗಿತ್ತು. A ಬುಕ್ಕಿನಲ್ಲಿ 1311ರಿಂದ 1349ರವರೆಗೆ ಬಳಸಲಾಗಿತ್ತು, ಅಂದರೆ 39 ಬಿಲ್. ಎರಡು ರದ್ದು, ಉಳಿದದ್ದು 37. B ಬುಕ್ಕಿನಲ್ಲಿ 2203ರಿಂದ 2211, ಅಂದರೆ 9. ಒಟ್ಟು 46 ಬಿಲ್. ಖಾಲಿಯಾದ 1317 ಬಿಟ್ಟು ಉಳಿದ 45 ನಕಲುಗಳನ್ನು ಕೂಡಿದರೆ 60,000 ರೂಪಾಯಿ. ಆದರೆ ಆ ಸಂಜೆ ಗಲ್ಲಾದಲ್ಲಿ ಎಣಿಸಿದ ನಗದು 28,450, ಅಂಗಡಿಯ ಯುಪಿಐ ಖಾತೆಗೆ ಬಂದದ್ದು 21,140, ಉದ್ರಿ ಪುಸ್ತಕಕ್ಕೆ ಬರೆದದ್ದು 12,250. ಮೂರೂ ಕೂಡಿದರೆ 61,840. ನಕಲುಗಳಿಗಿಂತ ಸರಿಯಾಗಿ 1,840 ಹೆಚ್ಚು. ಯುಪಿಐ ಪಟ್ಟಿಯಲ್ಲಿ ಬೆಳಿಗ್ಗೆ 11:42ಕ್ಕೆ 1,840 ರೂಪಾಯಿ ಬಂದಿತ್ತು.

ಹಣ ಅಂಗಡಿಗೇ ಬಂದಿತ್ತು. ಯಜಮಾನರು ತಾವೇ ಹುಡುಗನ ಮನೆಗೆ ಹೋಗಿ ಕರೆದುಕೊಂಡು ಬಂದರು. ಆ ಸಂಜೆಯೇ ಬಿಲ್ಲುಗಳನ್ನು ಎಣಿಸಿ ಹಣದ ಜೊತೆ ತಾಳೆ ನೋಡಿದ್ದರೆ, ಐದು ನಿಮಿಷದಲ್ಲಿ ಮುಗಿಯುವ ಮಾತಾಗಿತ್ತು. ಅವರ ಬಳಿ ಹಣದ ಲೆಕ್ಕ ಇತ್ತು, ಬಿಲ್ಲುಗಳ ಎಣಿಕೆ ಇರಲಿಲ್ಲ.

ಅಚ್ಚಾದ ಸಂಖ್ಯೆ ಮಾಡುವ ಕೆಲಸ

ಬಿಲ್ ಬುಕ್ಕಿನ ಬಲ ಕಾರ್ಬನ್ನಿನಲ್ಲಿ ಇಲ್ಲ, ಪ್ರೆಸ್ಸಿನಲ್ಲಿ ಮೊದಲೇ ಅಚ್ಚಾದ ಸಂಖ್ಯೆ ಮತ್ತು ಹೊಲಿದ ರಟ್ಟಿನಲ್ಲಿ ಇದೆ. ಬರೆಯುವವರು ಆ ಸಂಖ್ಯೆಯನ್ನು ಬದಲಿಸಲು ಆಗದು. ನಕಲು ಹಾಳೆ ಬುಕ್ಕಿಗೆ ಅಂಟಿಕೊಂಡೇ ಇರುತ್ತದೆ. ಒಂದು ಹಾಳೆ ಕಾಣೆಯಾದರೆ ಆ ಜಾಗ ಖಾಲಿ ಬಾಯಿಯಂತೆ ಕಾಣುತ್ತದೆ. 1317 ಖಾಲಿ ಎಂಬುದು ಒಂದು ತಿಂಗಳ ನಂತರವಾದರೂ ಗೊತ್ತಾದದ್ದು ಇದರಿಂದಲೇ.

ಆದರೆ ಈ ಕಾವಲು ಕೆಲಸ ಮಾಡಬೇಕಾದರೆ ಬುಕ್ಕು ಪ್ರೆಸ್ಸಿನಿಂದ ಬಂದ ದಿನವೇ ಶುರು ಮಾಡಬೇಕು. ಸಂಖ್ಯೆ ಹಾಕುವ ಯಂತ್ರದಲ್ಲಿ ಒಂದೇ ಸಂಖ್ಯೆಯನ್ನು ಎಷ್ಟು ಸಲ ಒತ್ತಿದ ಮೇಲೆ ಮುಂದಕ್ಕೆ ಹೋಗಬೇಕು ಎಂದು ಹೊಂದಿಸುವ ಏರ್ಪಾಡು ಇರುತ್ತದೆ. ಎರಡು ಪ್ರತಿಯ ಬುಕ್ಕಿಗೆ ಎರಡು ಸಲ, ಮೂರು ಪ್ರತಿಯದಕ್ಕೆ ಮೂರು ಸಲ. ಅದು ತಪ್ಪಾಗಿ ಕೂತರೆ, ಇಲ್ಲವೇ ಎರಡು ಹಾಳೆ ಅಂಟಿಕೊಂಡು ಹೋದರೆ, ಅಸಲಿನಲ್ಲಿ 347 ಇದ್ದು ನಕಲಿನಲ್ಲಿ 348 ಇರುತ್ತದೆ. ಅಲ್ಲಿಂದ ಮುಂದೆ ಬುಕ್ಕಿನ ಕೊನೆಯವರೆಗೂ ಒಂದೊಂದು ಸಂಖ್ಯೆ ಜಾರಿರುತ್ತದೆ. ಹೊಸ ಬುಕ್ಕು ಬಂದಾಗ ಮೊದಲ ಮತ್ತು ಕೊನೆಯ ಹಾಳೆ ಮಾತ್ರ ನೋಡಿ ಒಳಗಿಡಬೇಡಿ. ಪ್ರತಿ ಜೋಡಿಯನ್ನೂ ತಿರುವಿ ನೋಡಿ. 50 ಜೋಡಿಗೆ ಎರಡು ಮೂರು ನಿಮಿಷ ಸಾಕು.

ಆಮೇಲೆ ಒಂದು ನೋಟ್ ಬುಕ್ಕಿನಲ್ಲಿ ಬಿಲ್ ಬುಕ್ಕುಗಳಿಗೇ ಒಂದು ಲೆಕ್ಕ ಇಡಿ: ಯಾವ ದಿನ ಬಂತು, ಎಷ್ಟರಿಂದ ಎಷ್ಟು, ಯಾವ ದಿನ ಯಾರ ಕೈಗೆ ಕೊಟ್ಟಿರಿ, ಮುಗಿದು ಯಾವಾಗ ವಾಪಸ್ ಬಂತು. ಒಂದು ಬುಕ್ಕು ವಾಪಸ್ ಬಾರದೆ ಅದೇ ಜಾಗಕ್ಕೆ ಇನ್ನೊಂದು ಬುಕ್ಕು ಕೊಡಬಾರದು. ಖಾಲಿ ಬುಕ್ಕುಗಳು ಬೀಗದಲ್ಲಿರಲಿ. ಕಾಣೆಯಾದ ಹಾಳೆಯನ್ನು ಹಿಡಿಯಬಹುದು. ಬುಕ್ಕಿಗೆ ಬುಕ್ಕೇ ಕಾಣೆಯಾದರೆ ಹಿಡಿಯಲು ಈ ನೋಟ್ ಬುಕ್ ಬಿಟ್ಟರೆ ಬೇರೆ ದಾರಿ ಇಲ್ಲ.

ತಪ್ಪಾಗಿ ಬರೆದ ಬಿಲ್ಲನ್ನು ಹರಿದು ಎಸೆಯಬಾರದು. ಅಸಲನ್ನು ವಾಪಸ್ ತೆಗೆದುಕೊಂಡು, ಎಲ್ಲ ಪ್ರತಿಗಳ ಮೇಲೆ ಅಡ್ಡಲಾಗಿ "ರದ್ದು" ಎಂದು ಬರೆದು, ನಕಲಿನ ಜೊತೆಗೇ ಪಿನ್ ಹೊಡೆದು ಬುಕ್ಕಿನಲ್ಲೇ ಬಿಡಬೇಕು. ಅಸಲು ಪ್ರತಿ ಬುಕ್ಕಿನಲ್ಲಿ ಇಲ್ಲದ ರದ್ದು ಬಿಲ್ ರದ್ದಾದ ಬಿಲ್ ಅಲ್ಲ. ಅದು ಯಾರದೋ ಕೈಯಲ್ಲಿದೆ ಎಂದೇ ಲೆಕ್ಕ.

ಬರೆಯುವಾಗ ಇನ್ನೊಂದು ಮಾತು. ನಕಲಿನ ಕೆಳಗೆ ರಟ್ಟು ಇಡದಿದ್ದರೆ ಒತ್ತು ಮುಂದಿನ ಜೋಡಿಗೂ ಇಳಿಯುತ್ತದೆ. ಕಾರ್ಬನ್ ಇಲ್ಲದೆಯೇ ಮೂಡುವ ಕಾಗದದ ಬುಕ್ಕಿನಲ್ಲಂತೂ ಮುಂದಿನ ಬಿಲ್ಲಿನ ಮೇಲೆ ಹಿಂದಿನ ಗಿರಾಕಿಯ ಮೊತ್ತ ಮಸುಕಾಗಿ ಮೂಡಿಬಿಡುತ್ತದೆ. ತಿಂಗಳ ಕೊನೆಯಲ್ಲಿ ಎರಡು ಮೊತ್ತಗಳಲ್ಲಿ ಯಾವುದು ನಿಜ ಎಂದು ಹೇಳುವುದು ಕಷ್ಟ.

ಕಾನೂನು ಕೇಳುವುದು ಏನು

ಜಿಎಸ್‌ಟಿ ನೋಂದಣಿ ಇರುವ ಅಂಗಡಿಗೆ ಇದು ಬರೀ ಮನೆ ಲೆಕ್ಕವಲ್ಲ. ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದ ಪ್ರಕಾರ ತೆರಿಗೆ ಬಿಲ್ಲಿಗೆ ಒಂದರ ಹಿಂದೆ ಒಂದು ಬರುವ ಕ್ರಮಸಂಖ್ಯೆ ಇರಬೇಕು, ಅದು 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಅದೇ ಸಂಖ್ಯೆ ಮತ್ತೆ ಬರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಮಾತ್ರ ಬಳಸಬಹುದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶ ಇದೆ. ಹಾಗಾಗಿ ಕೌಂಟರಿಗೆ A, ಗೋಡೌನಿಗೆ B ಎಂದು ಇಟ್ಟುಕೊಂಡದ್ದು ತಪ್ಪಲ್ಲ. ಒಂದೇ ಸರಣಿಯ ಎರಡು ಬುಕ್ಕುಗಳನ್ನು ಎರಡು ಕಡೆ ಒಟ್ಟಿಗೆ ಬಳಸುವುದು ತಪ್ಪು, ಏಕೆಂದರೆ ಆಗ 1351 ಮೊದಲು ಬಂದು 1340 ಆಮೇಲೆ ಬರುತ್ತದೆ, ದಿನಾಂಕಕ್ಕೂ ಸಂಖ್ಯೆಗೂ ತಾಳೆ ಇರುವುದಿಲ್ಲ.

48ನೇ ನಿಯಮ ಪ್ರತಿಗಳ ಬಗ್ಗೆ ಹೇಳುತ್ತದೆ. ಸರಕಿನ ಬಿಲ್ಲಿಗೆ ಮೂರು ಪ್ರತಿ: ಮೊದಲನೆಯದು ಕೊಂಡವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಮಾರಿದವರಿಗೆ. ರಿಪೇರಿಯಂಥ ಸೇವೆಯ ಬಿಲ್ಲಿಗೆ ಎರಡು ಪ್ರತಿ ಸಾಕು. ಕಾಂಪೋಸಿಷನ್ ಯೋಜನೆಯಲ್ಲಿ ಇರುವವರು ತೆರಿಗೆ ಬಿಲ್ ಕೊಡುವಂತಿಲ್ಲ, ಬಿಲ್ ಆಫ್ ಸಪ್ಲೈ ಕೊಡಬೇಕು. ಕ್ರಮಸಂಖ್ಯೆಯ ನಿಯಮ ಅದಕ್ಕೂ ಇದೆ.

ತಿಂಗಳಿಗೋ ಮೂರು ತಿಂಗಳಿಗೋ ಕೊಡುವ ಜಿಎಸ್‌ಟಿಆರ್-1 ರಿಟರ್ನಿನ 13ನೇ ಕೋಷ್ಟಕದಲ್ಲಿ ಈ ಸಂಖ್ಯೆಗಳನ್ನೇ ಕೇಳುತ್ತಾರೆ: ಎಷ್ಟರಿಂದ, ಎಷ್ಟರವರೆಗೆ, ಒಟ್ಟು ಎಷ್ಟು, ರದ್ದು ಎಷ್ಟು, ಉಳಿದದ್ದು ಎಷ್ಟು. ನಾವು ಹೇಳುತ್ತಿರುವ ಅಂಗಡಿಯ ಆ ತಿಂಗಳ ಲೆಕ್ಕ ಎರಡು ಸಾಲು. A ಸರಣಿ 1301ರಿಂದ 1500, ಒಟ್ಟು 200, ರದ್ದು 6, ಉಳಿದದ್ದು 194. B ಸರಣಿ 2201ರಿಂದ 2240, ಒಟ್ಟು 40, ರದ್ದು 1, ಉಳಿದದ್ದು 39. 1317 ರದ್ದಿನ ಲೆಕ್ಕಕ್ಕೆ ಹೋಗಲಿಲ್ಲ, ಅದು ನಿಜವಾದ ಮಾರಾಟ. ನಕಲಿನ ಮೇಲೆ ಇನ್ನೊಂದು ಬಣ್ಣದ ಶಾಯಿಯಲ್ಲಿ ವಿವರ ಬರೆದು, "ಕಾರ್ಬನ್ ತಿರುಗಿತ್ತು, ಯುಪಿಐ ನೋಡಿ ಬರೆದದ್ದು" ಎಂದು ದಿನಾಂಕ ಹಾಕಿ ಯಜಮಾನರೇ ಸಹಿ ಮಾಡಿದರು. ಖಾಲಿ ಬಿಡುವುದಕ್ಕಿಂತ, ಮೊದಲೇ ಬರೆದಂತೆ ತೋರಿಸುವುದಕ್ಕಿಂತ, ಇದು ಮೇಲು.

ಸಣ್ಣ ಬಿಲ್ಲುಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಕೊಂಡವರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಅವರು ಬಿಲ್ ಕೇಳದೆ, ಮೊತ್ತ 200 ರೂಪಾಯಿಗಿಂತ ಕಡಿಮೆ ಇದ್ದರೆ ಪ್ರತಿ ಸಲ ಬಿಲ್ ಬರೆಯಬೇಕಾಗಿಲ್ಲ. ಆದರೆ ದಿನದ ಕೊನೆಗೆ ಅವೆಲ್ಲ ಸೇರಿಸಿ ಒಂದು ಒಟ್ಟು ಬಿಲ್ ಬರೆಯಬೇಕು. ಆ ಒಟ್ಟು ಬಿಲ್ಲಿಗೂ ಅದೇ ಸರಣಿಯ ಮುಂದಿನ ಸಂಖ್ಯೆ ಹೋಗುತ್ತದೆ.

ಕಂಪ್ಯೂಟರ್ ಬಂದ ಮೇಲೆ ಆದದ್ದು

1317ರ ಗಲಾಟೆ ಮುಗಿದ ಮೇಲೆ ಯಜಮಾನರಿಗೆ ಕಾರ್ಬನ್ ಸಾಕಾಗಿ ಹೋಯಿತು. ಹೊಸ ಹಣಕಾಸು ವರ್ಷ ಶುರುವಾದಾಗ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದರು. ಹುಡುಗ ಬೇಗ ಕಲಿತ. ಎಲ್ಲ ಚೆನ್ನಾಗಿತ್ತು, ಮೂರನೇ ತಿಂಗಳಲ್ಲಿ ಸಿಪ್ಕಾಟ್ ಕಡೆಯ ಒಂದು ಸಣ್ಣ ವರ್ಕ್‌ಷಾಪಿನಿಂದ ಫೋನ್ ಬರುವವರೆಗೆ. "ಸ್ವಾಮಿ, ನಿಮ್ಮ 212ನೇ ಬಿಲ್ ನಮ್ಮ 2ಬಿ ಪಟ್ಟಿಯಲ್ಲಿ ಸಿಗುತ್ತಿಲ್ಲ. ಸರಿಯಾಗುವವರೆಗೆ ದುಡ್ಡು ಹಾಕಬೇಡಿ ಅಂತ ಆಡಿಟರ್ ಹೇಳಿದ್ದಾರೆ."

ಆ ಬಿಲ್ 20,000 ರೂಪಾಯಿ ಸರಕಿನದು, 18 ಶೇಕಡ ತೆರಿಗೆ 3,600, ಒಟ್ಟು 23,600. ಕೊಂಡವರಿಗೆ ಆ 3,600 ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು ಇದೆ. ಅದಕ್ಕೆ ಮಾರಿದವರ ರಿಟರ್ನಿನಿಂದ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ ಕಾಣಬೇಕು.

ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದಾಗ 212 ಎಂಬ ಬಿಲ್ ಇತ್ತು, ಆದರೆ ಬೇರೆ ಗಿರಾಕಿಯ ಹೆಸರಿನಲ್ಲಿ. ವರ್ಕ್‌ಷಾಪಿನ ಬಿಲ್ 211 ಆಗಿತ್ತು. ಏನಾಗಿತ್ತೆಂದರೆ, ಆ ದಿನ 209ನೇ ಬಿಲ್ ಮಾಡಿಸಿದ ಗಿರಾಕಿ ಸರಕು ಬೇಡವೆಂದು ಹೋದರು. ಹುಡುಗ ಸಂಜೆ ಆ ಬಿಲ್ಲನ್ನು ಅಳಿಸಿದ. ಸಾಫ್ಟ್‌ವೇರ್ ಖಾಲಿ ಜಾಗ ತುಂಬಲು 210ನ್ನು 209 ಮಾಡಿತು, 211ನ್ನು 210 ಮಾಡಿತು, 212ನ್ನು 211 ಮಾಡಿತು. ಗಿರಾಕಿಗಳ ಕೈಯಲ್ಲಿದ್ದ ಮುದ್ರಿತ ಬಿಲ್ಲುಗಳಲ್ಲಿ ಮಾತ್ರ ಹಳೆಯ ಸಂಖ್ಯೆಗಳೇ ಇದ್ದವು.

ಇಲ್ಲಿ ಗಮನಿಸಬೇಕಾದದ್ದು ಇದು. ಕಾಗದದ ಬುಕ್ಕಿನಲ್ಲಿ ತಪ್ಪಾದರೆ ಖಾಲಿ ಜಾಗ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ತಪ್ಪಾದ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. 201ರಿಂದ 230ರವರೆಗೆ ಒಂದೂ ಬಿಟ್ಟುಹೋಗಿಲ್ಲ. 13ನೇ ಕೋಷ್ಟಕವೂ ಸುಂದರವಾಗಿ ತುಂಬಿತ್ತು, ರದ್ದು ಸೊನ್ನೆ. ಅಂಗಡಿಯೊಳಗೆ ಯಾರಿಗೂ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಹೊರಗಿನವರು ಫೋನ್ ಮಾಡಿದ ಮೇಲೆಯೇ ಗೊತ್ತಾಯಿತು. ಉದ್ದೇಶಪೂರ್ವಕವಾಗಿ ಹಣ ಹೊಡೆಯುವವರಿಗೂ ಇದೇ ದಾರಿ ತೆರೆದಿರುತ್ತದೆ: ಬಿಲ್ ಮುದ್ರಿಸಿ ನಗದು ತೆಗೆದುಕೊಳ್ಳುವುದು, ಸಂಜೆ ಅಳಿಸುವುದು.

ತಪ್ಪು ತಿದ್ದಲು ಮುಂದಿನ ರಿಟರ್ನಿನ 9ಎ ಕೋಷ್ಟಕದಲ್ಲಿ ನೋಂದಾಯಿತ ಗಿರಾಕಿಗಳ ಬಿಲ್ ಸಂಖ್ಯೆಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ವರ್ಕ್‌ಷಾಪಿನ 23,600 ಬರುವುದು ಅಷ್ಟು ದಿನ ತಡವಾಯಿತು.

ಸಾಫ್ಟ್‌ವೇರಿಗೆ ಹೋಗುವ ಕ್ರಮ

ಈ ಅಂಗಡಿ ಈಗ ಮಾಡಿಕೊಂಡಿರುವ ಏರ್ಪಾಡನ್ನು ಕ್ರಮವಾಗಿ ಹೇಳುತ್ತೇವೆ. ಹೊಸದಾಗಿ ಹೋಗುವವರು ಮೊದಲ ದಿನವೇ ಮಾಡಿಕೊಂಡರೆ ಫೋನಿಗೆ ಕಾಯಬೇಕಾಗಿಲ್ಲ.

ಮೊದಲು ಹಳೆಯ ಬುಕ್ಕುಗಳನ್ನು ಮುಚ್ಚಬೇಕು. ಕೊನೆಯ ಬಿಲ್ ಸಂಖ್ಯೆ ಯಾವುದು ಎಂದು ನೋಟ್ ಬುಕ್ಕಿನಲ್ಲಿ ಬರೆಯಿರಿ. ಅರ್ಧಕ್ಕೆ ನಿಂತ ಬುಕ್ಕಿನ ಉಳಿದ ಹಾಳೆಗಳನ್ನು ಕೀಳದೆ, ಪ್ರತಿ ಜೋಡಿಯ ಮೇಲೂ "ರದ್ದು" ಎಂದು ಅಡ್ಡಗೆರೆ ಹಾಕಿ ಹಾಗೆಯೇ ಇಡಿ. ಮುಗಿದ ಬುಕ್ಕುಗಳನ್ನು ತೂಕಕ್ಕೆ ಹಾಕಬೇಡಿ. ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಂದರೆ 2025-26ರ ಬುಕ್ಕುಗಳಿಗೆ ಆ ಕೊನೆಯ ದಿನ 2026 ಡಿಸೆಂಬರ್ 31, ಅಲ್ಲಿಂದ ಆರು ವರ್ಷ, 2032 ಡಿಸೆಂಬರ್ 31ರವರೆಗೆ.

ಎರಡನೆಯದು ಹೊಸ ಸರಣಿಯ ರೂಪ. ಏಪ್ರಿಲ್ 1ಕ್ಕೆ ಶುರು ಮಾಡಿದರೆ ಸಲೀಸು. ನಡುವೆ ಶುರು ಮಾಡುವುದಾದರೆ ಹಳೆಯ ಬುಕ್ಕಿನ ಸಂಖ್ಯೆಗೆ ಎಲ್ಲೂ ತಾಗದ ಬೇರೆ ಗುರುತು ಕೊಡಿ. ಅಕ್ಷರ ಎಣಿಸುವುದನ್ನು ಮರೆಯಬೇಡಿ:

```
HOS/2025-26/00001   17
HW/25-26/0001       13
```

ಮೊದಲನೆಯದು ನೋಡಲು ಚೆನ್ನ, ಆದರೆ 17 ಅಕ್ಷರ ಆಗಿ ಮಿತಿ ಮೀರುತ್ತದೆ. ಎರಡನೆಯದು 13, ಸರಿ. ಓರೆಗೆರೆ, ಅಡ್ಡಗೆರೆಗಳೂ ಲೆಕ್ಕಕ್ಕೆ ಬರುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಳಿಸುವುದು ಬೇಡ, ರದ್ದು ಮಾಡುವುದು ಮಾತ್ರ. ರದ್ದು ಮಾಡಿದರೆ ಸಂಖ್ಯೆ ಉಳಿಯುತ್ತದೆ, ಮೊತ್ತ ಹೋಗುತ್ತದೆ. ಬುಕ್ಕಿನಲ್ಲಿ ಪಿನ್ ಹೊಡೆದಿಟ್ಟ ಹಾಳೆಗೆ ಇದು ಸಮ. ನಮ್ಮ ಕಡೆ ಹಲವರು ಬಳಸುವ ಟ್ಯಾಲಿಯಲ್ಲಿ ರದ್ದಿಗೆ `Alt+X`, ಅಳಿಸಲು `Alt+D`. ಕೀಲಿಗಳು ಬೇರೆ ಬೇರೆ, ಪರಿಣಾಮವೂ ಬೇರೆ. ಟ್ಯಾಲಿ ಪ್ರೈಮ್‌ನ ಹೊಸ ಆವೃತ್ತಿಗಳಲ್ಲಿ ವೋಚರ್ ಬಗೆಯನ್ನು ಹೊಂದಿಸುವಾಗ, ನಡುವೆ ಒಂದು ಬಿಲ್ ಅಳಿದರೆ ಏನಾಗಬೇಕು ಎಂಬ ಆಯ್ಕೆ ಇದೆ. ಅಲ್ಲಿ `Renumber Vouchers` ಬಿಟ್ಟು `Retain Original Voucher No.` ಆರಿಸಬೇಕು. ಬೇರೆ ಸಾಫ್ಟ್‌ವೇರ್ ಆದರೆ ಮಾರುವವರ ಮಾತು ನಂಬದೆ ನೀವೇ ಪರೀಕ್ಷಿಸಿ. ಅಭ್ಯಾಸಕ್ಕೆ ಒಂದು ಬೇರೆ ಕಂಪನಿ ತೆರೆದು ಐದು ಬಿಲ್ ಮಾಡಿ, ಮೂರನೆಯದನ್ನು ಅಳಿಸಿ, ನಾಲ್ಕನೆಯ ಬಿಲ್ಲಿನ ಸಂಖ್ಯೆ ಏನಾಯಿತು ನೋಡಿ. ಮೂರು ಎಂದು ಬಂದರೆ ಆ ಹೊಂದಿಕೆ ಬದಲಾಯಿಸದೆ ಕೌಂಟರಿಗೆ ತರಬೇಡಿ. ಕೌಂಟರಿನಲ್ಲಿ ಕೂರುವವರಿಗೆ ಬೇರೆ ಪಾಸ್‌ವರ್ಡ್ ಕೊಟ್ಟು, ಅಳಿಸುವ ಮತ್ತು ಹಳೆಯ ದಿನಾಂಕಕ್ಕೆ ತಿದ್ದುವ ಅಧಿಕಾರ ತೆಗೆದಿಡಿ. ಇದು ಅವರ ಮೇಲಿನ ಅಪನಂಬಿಕೆಯಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ "ನನ್ನಿಂದ ಅಳಿಸಲು ಆಗುವುದೇ ಇಲ್ಲ" ಎಂದು ಅವರು ಹೇಳಬಹುದು. 1317ರ ದಿನ ಆ ಹುಡುಗನಿಗೆ ಹೇಳಲು ಅಂಥದ್ದೇನೂ ಇರಲಿಲ್ಲ.

ನಾಲ್ಕನೆಯದು ಕರೆಂಟ್ ಹೋದ ದಿನಕ್ಕೆ ಏರ್ಪಾಡು. ಒಂದೇ ಒಂದು ಕಾರ್ಬನ್ ಬುಕ್ಕು ಇಡಿ, ಅದಕ್ಕೆ ಬೇರೆಯೇ ಗುರುತು ಇರಲಿ, `M/25-26/001` ಎಂಬಂತೆ. ಕರೆಂಟ್ ಬಂದ ಮೇಲೆ ಆ ಬಿಲ್ಲುಗಳನ್ನು ಕಂಪ್ಯೂಟರಿಗೆ ಹಾಕುವಾಗ ಹೊಸ ಸಂಖ್ಯೆ ಕೊಡಬಾರದು. ಗಿರಾಕಿಯ ಕೈಯಲ್ಲಿರುವುದು M ಸಂಖ್ಯೆ. ಕಂಪ್ಯೂಟರಿನಲ್ಲೂ ಅದೇ ಇರಬೇಕು. ಇದಕ್ಕಾಗಿ ಕೈಯಿಂದ ಸಂಖ್ಯೆ ಹಾಕುವ ಒಂದು ಪ್ರತ್ಯೇಕ ಬಿಲ್ ಬಗೆಯನ್ನು ಸಾಫ್ಟ್‌ವೇರಿನಲ್ಲಿ ಮಾಡಿಟ್ಟುಕೊಳ್ಳಬೇಕು. 13ನೇ ಕೋಷ್ಟಕದಲ್ಲಿ ಅದು ಒಂದು ಪ್ರತ್ಯೇಕ ಸಾಲು. ಕೆಲವರು ರೂಢಿಯಾಗುವವರೆಗೆ ಒಂದು ವಾರ ಬುಕ್ಕಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಮಾರಾಟಕ್ಕೆ ಬಿಲ್ ಬರೆಯುತ್ತಾರೆ. ಬೇಡ. ಒಂದು ಮಾರಾಟಕ್ಕೆ ಎರಡು ಬಿಲ್ ಹುಟ್ಟಿಕೊಳ್ಳುತ್ತದೆ. ಅಭ್ಯಾಸ ಅಭ್ಯಾಸದ ಕಂಪನಿಯಲ್ಲೇ ಆಗಲಿ.

ಐದನೆಯದು ಗಡಿ ಊರಿನವರಿಗೆ ವಿಶೇಷವಾದದ್ದು. ಬಿಲ್ ಬುಕ್ಕಿನಲ್ಲಿ ಗಿರಾಕಿಯ ಹೆಸರಿನ ಮುಂದೆ "ಅತ್ತಿಬೆಲೆ" ಎಂದು ಬರೆದರೆ ಅದು ಬರೀ ಗುರುತಾಗಿತ್ತು. ಸಾಫ್ಟ್‌ವೇರಿನಲ್ಲಿ ಗಿರಾಕಿಯ ರಾಜ್ಯ ಯಾವುದೆಂದು ಆರಿಸಿದ ಕೂಡಲೇ ತೆರಿಗೆಯೇ ಬದಲಾಗುತ್ತದೆ. ತಮಿಳುನಾಡಿನ ಸಂಕೇತ 33 ಆದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಕರ್ನಾಟಕದ 29 ಆದರೆ ಐಜಿಎಸ್‌ಟಿ. 2023 ಅಕ್ಟೋಬರ್ 1ರಿಂದ, ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೆ ಆ ವಿಳಾಸದ ರಾಜ್ಯವೇ ಪೂರೈಕೆಯ ಸ್ಥಳ; ರಾಜ್ಯದ ಹೆಸರು ಮಾತ್ರ ಬರೆದರೂ ವಿಳಾಸ ಬರೆದಂತೆಯೇ. ಏನೂ ಬರೆಯದಿದ್ದರೆ ಅಂಗಡಿ ಇರುವ ಜಾಗ. ಹಾಗಾಗಿ ಕೌಂಟರಿನ ಹುಡುಗರಿಗೆ "ಊರು ಬರೆದುಕೋ" ಎಂದು ಹೇಳುವ ಮುನ್ನ ಅದರಿಂದ ಏನಾಗುತ್ತದೆ ಎಂದೂ ಹೇಳಿಕೊಡಬೇಕು. ಕಾಂಪೋಸಿಷನ್‌ನಲ್ಲಿ ಇರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಅವರು ಈ ವಿಷಯ ತಮ್ಮ ಆಡಿಟರ್ ಬಳಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ದಿನದ ಕೊನೆಯ ಐದು ನಿಮಿಷ

ಬುಕ್ಕಾಗಲಿ ಕಂಪ್ಯೂಟರಾಗಲಿ, ಸಂಜೆಯ ಕೆಲಸ ಒಂದೇ. ಒಂದು ಚೀಟಿಯಲ್ಲಿ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ರದ್ದು ಎಷ್ಟು ಎಂದು ಬರೆಯಿರಿ. ಕೊನೆಯದರಲ್ಲಿ ಮೊದಲನೆಯದನ್ನು ಕಳೆದು ಒಂದು ಕೂಡಿಸಿ, ರದ್ದು ಕಳೆಯಿರಿ. ಅಷ್ಟು ಬಿಲ್ಲುಗಳ ಮೊತ್ತಕ್ಕೆ ನಗದು, ಯುಪಿಐ, ಉದ್ರಿ ಮೂರೂ ಸೇರಿ ಸರಿಹೋಗಬೇಕು. ಹೋಗದಿದ್ದರೆ ಆ ರಾತ್ರಿಯೇ ಹುಡುಕಿ, ಎಲ್ಲರಿಗೂ ನೆನಪಿರುತ್ತದೆ.

ಕಂಪ್ಯೂಟರ್ ಇರುವವರು ಈ ಚೀಟಿಯನ್ನು ಪೆನ್ನಿನಲ್ಲೇ ಬರೆದು ಫೈಲಿಗೆ ಹಾಕಿ. ಕಂಪ್ಯೂಟರಿನ ಒಳಗಿನ ಸಂಖ್ಯೆ ಆಮೇಲೆ ಬದಲಾಗಬಹುದು, ಕಾಗದದ ಮೇಲೆ ಆ ದಿನ ಬರೆದ "ಕೊನೆಯ ಬಿಲ್ 0230" ಬದಲಾಗದು. ತಿಂಗಳ ಕೊನೆಯಲ್ಲಿ ಚೀಟಿಯಲ್ಲಿ 0230 ಇದ್ದು ಕಂಪ್ಯೂಟರಿನಲ್ಲಿ ಆ ದಿನ 0229ಕ್ಕೆ ಮುಗಿದರೆ, ನಡುವೆ ಒಂದು ಬಿಲ್ ಅಳಿದಿದೆ ಎಂದು ರಿಟರ್ನ್ ಹಾಕುವ ಮುನ್ನವೇ ಗೊತ್ತಾಗುತ್ತದೆ. ಉಷ್ಣದಿಂದ ಮೂಡುವ ಸಣ್ಣ ಬಿಲ್ ಕಾಗದ ಕೆಲವು ತಿಂಗಳಲ್ಲೇ ಮಾಸಿಹೋಗಬಹುದು, ಆದ್ದರಿಂದ ಅದನ್ನು ಅಂಗಡಿಯ ಪ್ರತಿ ಎಂದು ನಂಬಬೇಡಿ. ವಾರಕ್ಕೊಮ್ಮೆಯಾದರೂ ದತ್ತಾಂಶದ ಒಂದು ಪ್ರತಿ ತೆಗೆದು ಅಂಗಡಿಯ ಹೊರಗೆ, ಮನೆಯಲ್ಲಿ ಇಡಿ.

ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗ ಸಂಜೆಯ ಚೀಟಿ ಬರೆಯುವವನು ಅದೇ ಹುಡುಗ. ಯಜಮಾನರು ಕೆಳಗೆ ಸಹಿ ಹಾಕುತ್ತಾರೆ. ನಿಮ್ಮ ಅಂಗಡಿಯ ಬುಕ್ಕಿನಲ್ಲೋ ಕಂಪ್ಯೂಟರಿನಲ್ಲೋ ಇಂಥ ಗೊಂದಲ ಇದ್ದರೆ, ಮುಂದಿನ ಸಲ ಸಂಘಕ್ಕೆ ಬರುವಾಗ ಒಂದು ತಿಂಗಳ ಬುಕ್ಕು ಅಥವಾ ಬಿಲ್ ಪಟ್ಟಿ ತನ್ನಿ. ಒಟ್ಟಿಗೆ ಕೂತು ಎಣಿಸಿ ನೋಡೋಣ.